ಮಾತು ಮುಗಿಯಿತೇ? ಕೊನೆಯ ಪದ ನೋಡಿ

ಕೆಳಗಿನ ಎರಡು ಸಾಲುಗಳನ್ನು ನಿಧಾನವಾಗಿ ಓದಿ.

ಒಂದು ವೇಳೆ ಮಳೆ ಬಂದರೆ.

ಯಾಕೆಂದರೆ ಮಳೆ ಬರಲಿಲ್ಲ.

ಎರಡೂ ಸಾಲುಗಳ ಕೊನೆಗೆ ಚುಕ್ಕೆ ಇದೆ. ಚುಕ್ಕೆ ಇದ್ದರೆ ಮಾತು ಮುಗಿಯಿತು ಅಂತ ನಾವು ಕಲಿತಿದ್ದೇವೆ. ಆದರೆ ಮೊದಲನೇ ಸಾಲನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಅವರು ಏನು ಕೇಳುತ್ತಾರೆ? "ಬಂದರೆ? ಬಂದರೆ ಏನು?" ಅಂತ ಕೇಳುತ್ತಾರೆ. ಚುಕ್ಕೆ ಬಿದ್ದರೂ ಮಾತು ಮುಗಿದಿಲ್ಲ. ಎರಡನೇ ಸಾಲನ್ನು ಓದಿದಾಗ ಹಾಗೆ ಕೇಳುವುದಿಲ್ಲ. ಮಳೆ ಬರಲಿಲ್ಲ, ಅಷ್ಟೇ. ಮಾತು ಮುಗಿಯಿತು.

ಮುಗಿದ ಮಾತಿಗೆ ವಾಕ್ಯ ಅಂತ ಹೆಸರು. ಮುಗಿಯದ ಮಾತು ವಾಕ್ಯದ ಒಂದು ತುಂಡು ಮಾತ್ರ. ಸೂರಿಗೆ ಕಟ್ಟಿದ ಹಗ್ಗದ ಹಾಗೆ ಅದು ಜೋತು ಬಿದ್ದಿರುತ್ತದೆ. ಅದಕ್ಕೆ ಇಲ್ಲಿ ಅದನ್ನು "ಜೋತು ಮಾತು" ಅಂತ ಕರೆಯೋಣ.

ಜೋತು ಮಾತು ಬರೆದರೆ ಏನು ನಷ್ಟ ಅಂತ ನೀವು ಕೇಳಬಹುದು. ಬಾಯಿ ಮಾತಿನಲ್ಲಿ ಏನೂ ನಷ್ಟವಿಲ್ಲ. ಕಾಗದದ ಮೇಲೆ ಮಾತ್ರ ಅದು ದುಡ್ಡಿನ ವಿಷಯವಾಗಬಹುದು. ಅದನ್ನು ಸ್ವಲ್ಪ ಮುಂದೆ ನೋಡೋಣ.

ಮೊದಲ ಪದವನ್ನು ಬೆರಳಿನಿಂದ ಮುಚ್ಚಿ

"ಒಂದು ವೇಳೆ", "ಯಾಕೆಂದರೆ", "ಯಾವಾಗ", "ಯಾರು", "ಎಲ್ಲಿ", "ಆದರೆ". ಇಂಥ ಪದಗಳಿಂದ ಮಾತು ಶುರುವಾದರೆ, ಆ ಮಾತಿಗೂ ಇನ್ನೊಂದು ಮಾತಿಗೂ ಏನೋ ಸಂಬಂಧ ಇದೆ ಅಂತ ಅರ್ಥ. ಹಾಗಂತ ಇಂಥ ಪದದಿಂದ ಶುರುವಾದ ಮಾತೆಲ್ಲ ಜೋತು ಮಾತೇ? ಅಲ್ಲ. ಅದನ್ನು ತಿಳಿಯಲು ಒಂದು ಸುಲಭ ಉಪಾಯ ಇದೆ.

ಮೊದಲ ಪದವನ್ನು ಬೆರಳಿನಿಂದ ಮುಚ್ಚಿ. ಉಳಿದದ್ದನ್ನು ಓದಿ.

"ಒಂದು ವೇಳೆ" ಮುಚ್ಚಿದರೆ "ಮಳೆ ಬಂದರೆ" ಅಂತ ಉಳಿಯುತ್ತದೆ. ಈಗಲೂ ಅದು ಜೋತುಬಿದ್ದೇ ಇದೆ. ಅಂದರೆ ತಪ್ಪು ಮೊದಲ ಪದದ್ದಲ್ಲ. "ಒಂದು ವೇಳೆ" ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮಾತನ್ನು ಮುಗಿಯದಂತೆ ಹಿಡಿದಿರುವುದು ಕೊನೆಯಲ್ಲಿರುವ "ಬಂದರೆ". ಅದರಲ್ಲೂ ಅದರ ಬಾಲದ "ರೆ".

"ಯಾಕೆಂದರೆ" ಮುಚ್ಚಿದರೆ "ಮಳೆ ಬರಲಿಲ್ಲ" ಅಂತ ಉಳಿಯುತ್ತದೆ. ಅದು ತಾನಾಗಿಯೇ ನಿಲ್ಲುತ್ತದೆ. ಮುಚ್ಚಿದ ಬೆರಳು ತೆಗೆಯಿರಿ. "ಯಾಕೆಂದರೆ ಮಳೆ ಬರಲಿಲ್ಲ." ಈಗಲೂ ನಿಲ್ಲುತ್ತದೆ.

ಇದು ನಮ್ಮ ಭಾಷೆಯ ಗುಣ. ಕನ್ನಡದಲ್ಲಿ ಮಾತಿಗೆ ಬೀಗ ಹಾಕುವುದು ಸಾಮಾನ್ಯವಾಗಿ ಕೊನೆಯ ಪದ. ಮೊದಲ ಪದ ದಾರಿ ತೋರಿಸುತ್ತದೆ, ಅಷ್ಟೇ. ಇಂಗ್ಲಿಷಿನಲ್ಲಿ ಹಾಗಿಲ್ಲ. "ಯಾಕೆಂದರೆ" ಅನ್ನುವ ಅರ್ಥದ ಪದ ಅಲ್ಲಿ "ಬಿಕಾಸ್". ಆ ಪದದಿಂದ ಶುರು ಮಾಡಿ ಕಾರಣ ಒಂದನ್ನೇ ಬರೆದು ಚುಕ್ಕೆ ಇಟ್ಟರೆ, ಇಂಗ್ಲಿಷ್ ಮೇಷ್ಟ್ರು ವಾಕ್ಯ ಪೂರ್ತಿ ಆಗಲಿಲ್ಲ ಅನ್ನುತ್ತಾರೆ. ನಿಮ್ಮ ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರೆ ಅವಳ ನೋಟ್ ಪುಸ್ತಕದಲ್ಲಿ ಇಂಥ ಕಡೆ ಕೆಂಪು ಗೆರೆ ಕಂಡೀತು. ಅವಳಿಗೆ ಅಲ್ಲಿ ಅದು ಸರಿಯಾದ ಪಾಠ. ಕನ್ನಡಕ್ಕೆ ಅದೇ ಪಾಠವನ್ನು ಹಚ್ಚಬಾರದು.

ಯಾಕೆ ಹಚ್ಚಬಾರದು ಅನ್ನುವುದು "ಯಾಕೆಂದರೆ" ಪದದ ಒಳಗೇ ಇದೆ. ಅದನ್ನು ಬಿಡಿಸಿ ಬರೆಯಿರಿ. ಯಾಕೆ + ಎಂದರೆ. "ಯಾಕೆ ಅಂತ ಕೇಳಿದರೆ" ಅಂತ ಅದರ ಅರ್ಥ. ಯಾಕೆ ಅಂತ ಕೇಳಿದರೆ, ಮಳೆ ಬರಲಿಲ್ಲ. ಅಂದರೆ ಜೋತು ಬೀಳುವ "ರೆ" ಈ ಪದದ ಒಳಗೇ ಇತ್ತು. ಮುಂದೆ ಬಂದ "ಬರಲಿಲ್ಲ" ಅದನ್ನು ಮುಗಿಸಿಬಿಟ್ಟಿತು.

ಹಿಂದೂಪುರ, ಕಲ್ಯಾಣದುರ್ಗದ ಕಡೆಯವರಿಗೆ ಇದನ್ನು ತಿಳಿಯುವುದು ಇನ್ನೂ ಸುಲಭ. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಮಾತು ಬದಲಾಗಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವವರು ಎರಡೂ ಕಡೆ ಇದ್ದಾರೆ. ತೆಲುಗಿನಲ್ಲಿ ನೀವು "ಎಂದುಕಂಟೆ" ಅನ್ನುತ್ತೀರಿ. ಅದೂ ಹೀಗೇ ಹುಟ್ಟಿದ ಪದ. ಎಂದುಕು + ಅಂಟೆ, ಯಾಕೆ ಅಂದರೆ. "ಒಕವೇಳ" ಅಂದರೆ ನಮ್ಮ "ಒಂದು ವೇಳೆ"ಯೇ. "ವಸ್ತೆ" ಅಂದರೆ "ಬಂದರೆ". "ಒಕವೇಳ ವಾನ ವಸ್ತೆ" ಅಂತ ಹೇಳಿ ಸುಮ್ಮನಾದರೆ ತೆಲುಗಿನವರೂ "ವಸ್ತೆ?" ಅಂತ ಕಾಯುತ್ತಾರೆ. ಮಂಡಲ ಆಫೀಸಿಗೆ ತೆಲುಗಿನಲ್ಲಿ ಅರ್ಜಿ ಬರೆಸುವಾಗಲೂ ಈ ಬೆರಳಿನ ಉಪಾಯ ನಡೆಯುತ್ತದೆ.

ಒಂದು ಕೊಂಬು, ಒಂದು ಇಳಿ, ಒಂದು ಏತ್ವ

ಕನ್ನಡ ಓದುವವರು ಬಹಳ ಎಚ್ಚರದಿಂದ ನೋಡಬೇಕಾದ ಜಾಗ ಈಗ ಬಂತು. ಈ ಮೂರು ಸಾಲು ಓದಿ.

ನಾಲ್ಕು ಜನ ಕಂತು ಕಟ್ಟಿದರು.

ನಾಲ್ಕು ಜನ ಕಂತು ಕಟ್ಟಿದರೂ

ನಾಲ್ಕು ಜನ ಕಂತು ಕಟ್ಟಿದರೆ

ಮೂರೂ ಸಾಲು ಒಂದೇ ಥರ ಕಾಣುತ್ತವೆ. ಕೊನೆಯ ಅಕ್ಷರ ನೋಡಿ. ಮೊದಲನೆಯದರಲ್ಲಿ "ರ"ಕ್ಕೆ ಕೊಂಬು ಮಾತ್ರ ಇದೆ, "ರು". ಎರಡನೆಯದರಲ್ಲಿ ಕೊಂಬಿಗೆ ಇಳಿಯೂ ಸೇರಿದೆ, "ರೂ". ಮೂರನೆಯದರಲ್ಲಿ ಏತ್ವ ಇದೆ, "ರೆ". ವ್ಯತ್ಯಾಸ ಇಷ್ಟೇ.

ಆದರೆ ಅರ್ಥ? "ಕಟ್ಟಿದರು" ಅಂದರೆ ದುಡ್ಡು ಬಂತು. ಮಾತು ಮುಗಿಯಿತು. "ಕಟ್ಟಿದರೆ" ಅಂದರೆ ದುಡ್ಡು ಬಂದಿದೆ ಅಂತ ಯಾರೂ ಹೇಳಿಲ್ಲ. ಕಟ್ಟಿದಾಗ ಮುಂದಿನ ಮಾತು. "ಕಟ್ಟಿದರೂ" ಅಂದರೆ ಏನೋ ಒಂದು ತಕರಾರು ಮುಂದೆ ಬರುತ್ತದೆ ಅಂತ ಸೂಚನೆ. "ನಾಲ್ಕು ಜನ ಕಂತು ಕಟ್ಟಿದರೂ ಪುಸ್ತಕದಲ್ಲಿ ಏರಿಸಿಲ್ಲ" ಅಂತ ಇರಬಹುದು. "ಕಟ್ಟಿದರೂ ಬಡ್ಡಿ ಬಾಕಿ ಇದೆ" ಅಂತ ಇರಬಹುದು. ಒಂದು ಕಂತು 500 ರೂಪಾಯಿ ಅಂತ ಇಟ್ಟುಕೊಳ್ಳಿ. ನಾಲ್ಕು ಜನರದು 2,000 ರೂಪಾಯಿ. ಆ 2,000 ರೂಪಾಯಿ ಬಂತೋ ಇಲ್ಲವೋ ಅನ್ನುವುದು ಒಂದು ಏತ್ವದ ಮೇಲೆ ನಿಂತಿದೆ.

ತೆಲುಗಿನಲ್ಲಿ ಈ ಕಷ್ಟ ಇಲ್ಲ. ಅಲ್ಲಿ ಬಂದರು ಅನ್ನಲು "ವಚ್ಚಾರು", ಬಂದರೂ ಅನ್ನಲು "ವಚ್ಚಿನಾ", ಬಂದರೆ ಅನ್ನಲು "ವಸ್ತೆ". ಮೂರೂ ಬೇರೆ ಬೇರೆಯಾಗಿ ಕೇಳುತ್ತವೆ, ಬೇರೆ ಬೇರೆಯಾಗಿ ಕಾಣುತ್ತವೆ. ಕನ್ನಡದಲ್ಲಿ ಬಾಯಿಮಾತಿನಲ್ಲೂ "ಬಂದ್ರು, ಬಂದ್ರೂ, ಬಂದ್ರೆ" ಅಂತ ಹತ್ತಿರ ಹತ್ತಿರ ಬರುತ್ತವೆ. ಮಾತಾಡುವಾಗ ದನಿಯ ಏರಿಳಿತ ನಮ್ಮನ್ನು ಕಾಪಾಡುತ್ತದೆ. ಕಾಗದಕ್ಕೆ ದನಿ ಇಲ್ಲ.

ಹಾಗಾದರೆ ಅನುಮಾನ ಬಂದಾಗ ಏನು ಮಾಡಬೇಕು? "ನಾನು" ಅನ್ನುವ ಪದವನ್ನು ಸೇರಿಸಿ ನೋಡಿ.

"ಅವರು ಕಟ್ಟಿದರು." ಇಲ್ಲಿ "ಅವರು" ತೆಗೆದು "ನಾನು" ಹಾಕಿ. "ನಾನು ಕಟ್ಟಿದರು" ಅಂತ ಯಾರೂ ಅನ್ನುವುದಿಲ್ಲ. "ನಾನು ಕಟ್ಟಿದೆ" ಅಂತ ಪದ ಬದಲಾಗುತ್ತದೆ. ಅವಳು ಆದರೆ "ಕಟ್ಟಿದಳು", ಅವನು ಆದರೆ "ಕಟ್ಟಿದನು". ಹೀಗೆ ಆಳಿಗೆ ತಕ್ಕಂತೆ ಬದಲಾಗುವ ಪದ ಮಾತನ್ನು ಮುಗಿಸುವ ಪದ.

"ಅವರು ಕಟ್ಟಿದರೆ." ಈಗ "ನಾನು" ಹಾಕಿ. "ನಾನು ಕಟ್ಟಿದರೆ." ಪದ ಬದಲಾಗಲೇ ಇಲ್ಲ. ನೀನು ಕಟ್ಟಿದರೆ, ಅವಳು ಕಟ್ಟಿದರೆ, ಊರವರೆಲ್ಲ ಕಟ್ಟಿದರೆ. ಎಲ್ಲರಿಗೂ ಒಂದೇ. ಹೀಗೆ ಬದಲಾಗದೆ ನಿಲ್ಲುವ ಪದ ಸಾಮಾನ್ಯವಾಗಿ ಜೋತು ಪದ. ಬಂದಾಗ, ಬಂದ ಮೇಲೆ, ಬರುವವರೆಗೆ, ಬಂದದ್ದರಿಂದ, ಬರಲು, ಬಂದು, ಇವೆಲ್ಲ ಇದೇ ಗುಂಪು. ನಾನು ಬಂದಾಗ, ಅವರು ಬಂದಾಗ. ನಾನು ಬಂದು, ಅವರು ಬಂದು.

ಈ ಉಪಾಯಕ್ಕೂ ಒಂದು ಮಿತಿ ಇದೆ. "ಇಲ್ಲ", "ಬೇಕು", "ಬೇಡ", "ಸಾಕು" ಈ ಪದಗಳು ಆಳಿಗೆ ತಕ್ಕಂತೆ ಬದಲಾಗುವುದಿಲ್ಲ. ನಾನು ಬರಲಿಲ್ಲ, ಅವರು ಬರಲಿಲ್ಲ. ಆದರೂ ಇವು ಮಾತನ್ನು ಚೆನ್ನಾಗಿ ಮುಗಿಸುತ್ತವೆ. ಈ ನಾಲ್ಕನ್ನು ನೆನಪಿನಲ್ಲಿ ಇಟ್ಟುಕೊಂಡರೆ "ನಾನು" ಉಪಾಯ ಹೆಚ್ಚಾಗಿ ಕೈಕೊಡುವುದಿಲ್ಲ.

ಒಂದು ತೀರ್ಮಾನ ಪುಸ್ತಕದ ಪುಟ

ಈಗ ಒಂದು ಪುಟ ಓದೋಣ. ಇದು ಕಲಿಕೆಗಾಗಿ ಬರೆದ ಪುಟ, ಯಾವ ಊರಿನ ಸಂಘದ್ದೂ ಅಲ್ಲ. ಹೆಂಗಸರ ಉಳಿತಾಯ ಸಂಘದಲ್ಲಿ ಹನ್ನೆರಡು ಸದಸ್ಯೆಯರು ಇದ್ದಾರೆ. ಹೊಸದಾಗಿ ಬರೆಯಲು ಕಲಿತ ಒಬ್ಬ ಸದಸ್ಯೆ ಸಭೆಯ ತೀರ್ಮಾನ ಬರೆದಿದ್ದಾರೆ ಅಂದುಕೊಳ್ಳಿ.

"ಈ ತಿಂಗಳ ಸಭೆಗೆ ಹತ್ತು ಜನ ಬಂದರು. ಇಬ್ಬರು ಬರಲಿಲ್ಲ. ಯಾಕೆಂದರೆ ಹಿಂದೂಪುರಕ್ಕೆ ಹುಣಸೆಹಣ್ಣು ಮಾರಲು ಹೋಗಿದ್ದರಿಂದ. ನಾಲ್ಕು ಜನ ಸಾಲದ ಕಂತು ಕಟ್ಟಿದರೆ. ಯಾರು ಎರಡು ಕಂತು ಬಾಕಿ ಉಳಿಸಿಕೊಂಡಿದ್ದಾರೋ. ಒಂದು ವೇಳೆ ಮುಂದಿನ ಸಭೆಯೊಳಗೆ ಕಟ್ಟದಿದ್ದರೆ. ಆದರೆ ಕಾಯಿಲೆ ಆದವರಿಗೆ ಒಂದು ತಿಂಗಳ ಗಡುವು ಕೊಡಬೇಕು."

ಇಲ್ಲಿ ಏಳು ಚುಕ್ಕೆ ಇವೆ. ಮುಗಿದ ಮಾತು ಎಷ್ಟು? ಮೂರೇ ಮೂರು. ಒಂದೊಂದನ್ನೇ ನೋಡೋಣ.

"ಹತ್ತು ಜನ ಬಂದರು." ಕೊಂಬು ಮಾತ್ರ ಇದೆ. ಮುಗಿದಿದೆ. "ಇಬ್ಬರು ಬರಲಿಲ್ಲ." ಇದೂ ಮುಗಿದಿದೆ.

ಮೂರನೇ ಸಾಲು "ಯಾಕೆಂದರೆ"ಯಿಂದ ಶುರುವಾಗಿದೆ. ಅದನ್ನು ಮುಚ್ಚಿ ಓದಿ. "ಹಿಂದೂಪುರಕ್ಕೆ ಹುಣಸೆಹಣ್ಣು ಮಾರಲು ಹೋಗಿದ್ದರಿಂದ." ಹೋಗಿದ್ದರಿಂದ ಏನಾಯಿತು? ಮುಗಿದಿಲ್ಲ. ಬರೆದವರು ಕಾರಣವನ್ನು ಎರಡು ಸಲ ಹೇಳಿದ್ದಾರೆ. ಮುಂದೆ "ಯಾಕೆಂದರೆ" ಹಾಕಿದ್ದಾರೆ, ಹಿಂದೆ "ದ್ದರಿಂದ" ಹಾಕಿದ್ದಾರೆ. ಎರಡರಲ್ಲಿ ಒಂದು ಸಾಕು. "ಯಾಕೆಂದರೆ ಅವರು ಹಿಂದೂಪುರಕ್ಕೆ ಹುಣಸೆಹಣ್ಣು ಮಾರಲು ಹೋಗಿದ್ದರು" ಅಂತ ಬರೆದರೆ ಮುಗಿಯಿತು. ಇಲ್ಲವೇ "ಹಿಂದೂಪುರಕ್ಕೆ ಹುಣಸೆಹಣ್ಣು ಮಾರಲು ಹೋಗಿದ್ದರಿಂದ ಇಬ್ಬರು ಬರಲಿಲ್ಲ" ಅಂತ ಒಂದೇ ವಾಕ್ಯ ಮಾಡಿದರೂ ಆಯಿತು. ನನಗೆ ಎರಡನೆಯದೇ ಚೆಂದ ಕಾಣುತ್ತದೆ, ನಾವು ಮಾತಾಡುವುದೂ ಹಾಗೆಯೇ.

ನಾಲ್ಕನೇ ಸಾಲು ನಮಗೆ ಈಗ ಗೊತ್ತು. "ಕಟ್ಟಿದರೆ." ಬರೆದವರ ಮನಸ್ಸಿನಲ್ಲಿ "ಕಟ್ಟಿದರು" ಇತ್ತು ಅಂತ ಕಾಣುತ್ತದೆ, ಕೈ ಏತ್ವ ಹಾಕಿತು. ಆದರೆ ಆರು ತಿಂಗಳು ಕಳೆದ ಮೇಲೆ ಈ ಪುಟ ಓದುವವರಿಗೆ ಬರೆದವರ ಮನಸ್ಸು ಕಾಣುವುದಿಲ್ಲ. ಅವರು ಹೀಗೂ ಅನ್ನಬಹುದು: "ಕಟ್ಟಿದರೆ ಅಂತ ಇದೆ. ಕಟ್ಟಿದರು ಅಂತ ಎಲ್ಲಿದೆ?" ಕಟ್ಟಿದ ನಾಲ್ವರ ಹತ್ತಿರ ರಸೀದಿ ಇದ್ದರೆ ಸರಿ. ಇಲ್ಲದಿದ್ದರೆ ಜಗಳ. ಇಂಥ ಸಾಲನ್ನು ಆ ದಿನವೇ ತಿದ್ದಬೇಕು. ಅಕ್ಷರದ ಮೇಲೆ ಅಕ್ಷರ ಬರೆದು ತಿದ್ದಬಾರದು. ತಪ್ಪು ಪದದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಪದ ಬರೆದು, ಅಲ್ಲೇ ಸಹಿ ಹಾಕಬೇಕು.

ಐದನೇ ಸಾಲು "ಯಾರು"ವಿನಿಂದ ಶುರುವಾಗಿದೆ. "ಯಾರು ಎರಡು ಕಂತು ಬಾಕಿ ಉಳಿಸಿಕೊಂಡಿದ್ದಾರೋ." ಇಲ್ಲಿ ಸ್ವಲ್ಪ ನಿಲ್ಲಿ. "ಉಳಿಸಿಕೊಂಡಿದ್ದಾರೆ" ಅನ್ನುವುದು ಆಳಿಗೆ ತಕ್ಕಂತೆ ಬದಲಾಗುವ ಪದ, ಮುಗಿಸುವ ಪದ. ಆದರೂ ಮಾತು ಮುಗಿದಿಲ್ಲ, ಯಾಕೆ? ಕೊನೆಯಲ್ಲಿ "ಓ" ಸೇರಿದೆ. ಇದ್ದಾರೆ + ಓ = ಇದ್ದಾರೋ. "ಯಾರು" ಮುಂದೆ ಬಂದು "ಓ" ಹಿಂದೆ ಬಂದರೆ, ಮುಂದೆ "ಅವರು" ಬರಲೇಬೇಕು. ಹಾಗೆಯೇ ಎಲ್ಲಿ ಇದೆಯೋ, ಅಲ್ಲಿ. ಯಾವಾಗ ಬರುತ್ತಾರೋ, ಆಗ. ಎಷ್ಟು ಬೇಕೋ, ಅಷ್ಟು. ಇವು ಜೋಡೆತ್ತುಗಳು. ಒಂದೇ ಎತ್ತು ನೊಗಕ್ಕೆ ಬಂದರೆ ಗಾಡಿ ಹೊರಡುವುದಿಲ್ಲ. "ಓ" ತೆಗೆದು "ಯಾರು ಬಾಕಿ ಉಳಿಸಿಕೊಂಡಿದ್ದಾರೆ?" ಅಂತ ಬರೆದರೆ ಅದು ಪ್ರಶ್ನೆಯಾಗುತ್ತದೆ. ಪ್ರಶ್ನೆ ಪೂರ್ತಿ ವಾಕ್ಯವೇ.

ಆರನೇ ಸಾಲಿನಲ್ಲಿ "ಒಂದು ವೇಳೆ" ಇದೆ, ಕೊನೆಯಲ್ಲಿ "ಕಟ್ಟದಿದ್ದರೆ" ಇದೆ. ಜೋತುಬಿದ್ದಿದೆ. ಐದನ್ನೂ ಆರನ್ನೂ ಸೇರಿಸಿದರೆ ಪೂರ್ತಿಯಾಗುತ್ತದೆಯೇ? ಸೇರಿಸಿ ಓದಿ. "ಯಾರು ಎರಡು ಕಂತು ಬಾಕಿ ಉಳಿಸಿಕೊಂಡಿದ್ದಾರೋ ಅವರು ಒಂದು ವೇಳೆ ಮುಂದಿನ ಸಭೆಯೊಳಗೆ ಕಟ್ಟದಿದ್ದರೆ." ಇನ್ನೂ "ಕಟ್ಟದಿದ್ದರೆ ಏನು?" ಅನ್ನುವ ಪ್ರಶ್ನೆ ಉಳಿದೇ ಇದೆ. ಎರಡು ಜೋತು ಮಾತು ಕೂಡಿದರೆ ಉದ್ದನೆಯ ಜೋತು ಮಾತು ಆಗುತ್ತದೆ, ಅಷ್ಟೇ.

ಇದನ್ನು ಮುಗಿಸುವುದು ಹೇಗೆ? ಬರೆಯುವವರು ತಮಗೆ ತೋಚಿದ್ದು ಸೇರಿಸಿ ಮುಗಿಸಬಾರದು. ಕಟ್ಟದಿದ್ದರೆ ದಂಡ ಹಾಕಬೇಕೇ? ಎಷ್ಟು? ಹೊಸ ಸಾಲ ಕೊಡಬಾರದೇ? ಇದನ್ನು ಹೇಳಬೇಕಾದದ್ದು ಸಭೆ. ಪುಸ್ತಕವನ್ನು ಮತ್ತೆ ಸಭೆಯ ಮುಂದೆ ಇಟ್ಟು, "ಅಕ್ಕಂದಿರೇ, ಇಲ್ಲಿ ಮಾತು ಮುಗಿದಿಲ್ಲ, ನಾವು ಏನು ತೀರ್ಮಾನ ಮಾಡಿದೆವು?" ಅಂತ ಕೇಳಬೇಕು. ಎಷ್ಟೋ ಸಲ ಆಗ ಗೊತ್ತಾಗುವುದು ಏನೆಂದರೆ, ಸಭೆಯಲ್ಲೂ ಆ ಮಾತು ಮುಗಿದಿರಲಿಲ್ಲ.

ಕೊನೆಯ ಸಾಲು "ಆದರೆ" ಅಂತ ಶುರುವಾಗಿದೆ. ಇದರಲ್ಲೂ "ರೆ" ಇದೆಯಲ್ಲ ಅಂತ ಗಾಬರಿ ಬೇಡ. ಅದು ಮಾತಿನ ಮುಂದೆ ಇದೆ. ಕೊನೆಯಲ್ಲಿ "ಕೊಡಬೇಕು" ಇದೆ. ಮುಗಿದಿದೆ. ಅದೇ "ಆದರೆ" ಕೊನೆಗೆ ಬಂದರೆ ಕಥೆ ಬೇರೆ. "ಆದರೆ ಬೆಳೆ ಚೆನ್ನಾಗಿ ಆಯಿತು." ಇದು ವಾಕ್ಯ. "ಬೆಳೆ ಚೆನ್ನಾಗಿ ಆದರೆ." ಇದು ಜೋತು ಮಾತು. ಪದ ಒಂದೇ, ಕೂತ ಜಾಗ ಬೇರೆ.

ಸಹಿ ಹಾಕುವ ಮುಂಚೆ

ತೀರ್ಮಾನ ಪುಸ್ತಕವನ್ನು ಮತ್ತೆ ಸಭೆಯ ಮುಂದೆ ಇಡಬಹುದು. ಸಾಲದ ಪತ್ರವನ್ನು ಹಾಗೆ ಇಡಲು ಆಗುವುದಿಲ್ಲ. ಸಹಿ ಹಾಕಿದ ಮೇಲೆ ಅದು ಸಾಲ ಕೊಟ್ಟವರ ಪೆಟ್ಟಿಗೆ ಸೇರುತ್ತದೆ. ಅಂಥ ಪತ್ರದಲ್ಲಿ ಹೀಗೆ ಇದೆ ಅಂದುಕೊಳ್ಳಿ.

"ನಾನು 6,000 ರೂಪಾಯಿ ಸಾಲ ಪಡೆದಿದ್ದೇನೆ. ತಿಂಗಳಿಗೆ 500 ರೂಪಾಯಿ ಅಸಲು 12 ತಿಂಗಳು ಕಟ್ಟುತ್ತೇನೆ. ಒಂದು ವೇಳೆ ಎರಡು ಕಂತು ತಪ್ಪಿದರೆ"

ಆಮೇಲೆ ಅರ್ಧ ಗೆರೆ ಖಾಲಿ. ಕೆಳಗೆ ಸಹಿಯ ಜಾಗ.

ಮೊದಲ ಎರಡು ವಾಕ್ಯ ಸರಿ. ಮೂರನೆಯದು ಜೋತುಬಿದ್ದಿದೆ, ಪಕ್ಕದಲ್ಲಿ ಜಾಗವೂ ಖಾಲಿ ಇದೆ. ಅಲ್ಲಿ ನಾಳೆ ಯಾರು ಬೇಕಾದರೂ "ನನ್ನ ಎತ್ತುಗಳನ್ನು ಕೊಡುತ್ತೇನೆ" ಅಂತ ಸೇರಿಸಬಹುದು. "ಬಡ್ಡಿ ಎರಡು ಪಾಲು ಕೊಡುತ್ತೇನೆ" ಅಂತಲೂ ಸೇರಿಸಬಹುದು. ಹಾಗೆ ಸೇರಿಸಿದರೆ ವಾಕ್ಯ ನೋಡಲು ಎಷ್ಟು ಸರಿಯಾಗಿ ಕೂಡುತ್ತದೆ! ಜೋತು ಮಾತಿನ ಅಪಾಯ ಇದೇ. ಮುಗಿದ ಮಾತಿಗೆ ಹೊಸ ಷರತ್ತು ಅಂಟಿಸಿದರೆ ಅಂಟಿಸಿದ್ದು ಕಾಣುತ್ತದೆ. ಜೋತು ಮಾತು ಹೊಸ ಷರತ್ತಿಗೆ ಜಾಗ ಬಿಟ್ಟುಕೊಂಡೇ ಕಾಯುತ್ತಿರುತ್ತದೆ.

ಆದ್ದರಿಂದ ಇಂಥ ಪತ್ರ ಬಂದಾಗ ಕೊನೆಯ ಸಾಲಿನ ಕೊನೆಯ ಪದವನ್ನು ಮೊದಲು ಓದಿ. ಅದು "ರೆ", "ರೂ", "ಆಗ", "ಮೇಲೆ", "ದ್ದರಿಂದ" ಹೀಗೆ ಮುಗಿದಿದ್ದರೆ, "ಇಲ್ಲಿ ಮುಂದೆ ಏನು?" ಅಂತ ಕೇಳಿ. ಏನು ಅಂತ ಬರೆಸಿ, ಓದಿಸಿ, ಆಮೇಲೆ ಸಹಿ. ಷರತ್ತು ಬೇಡವಾದರೆ ಆ ಸಾಲನ್ನು ಪೂರ್ತಿ ಹೊಡೆದುಹಾಕಿಸಿ. ಉಳಿದ ಖಾಲಿ ಜಾಗಕ್ಕೆ ಗೆರೆ ಎಳೆಸಿ. ಬರೆದುಕೊಡುವವರಿಗೆ ಬೇಸರ ಆಗಬಹುದು, ಆಗಲಿ.

ಚುಕ್ಕೆ ಇಲ್ಲದ ಕಾಲ

ಒಂದು ಮಾತು ಇಲ್ಲಿ ಹೇಳಬೇಕು. ಮಡಕಶಿರಾದ ಹತ್ತಿರ ಹೇಮಾವತಿ ಅನ್ನುವ ಊರಿದೆ. ಹಳೆಯ ಹೆಸರು ಹೆಂಜೇರು. ಸಾವಿರ ವರ್ಷಕ್ಕೂ ಹಿಂದೆ ಅದು ನೊಳಂಬ ಅರಸರ ರಾಜಧಾನಿ. ಅಲ್ಲಿ ಕನ್ನಡ ಶಾಸನಗಳಿವೆ. ಹಿಂದೂಪುರದ ಪಕ್ಕದ ಲೇಪಾಕ್ಷಿ ಗುಡಿಯಲ್ಲೂ ವಿಜಯನಗರ ಕಾಲದ ಕನ್ನಡ ಶಾಸನಗಳಿವೆ. ಕಲ್ಲಿನ ಮೇಲೆ ಕೊರೆದ ಆ ಬರಹಗಳಲ್ಲಿ ಈಗಿನ ಹಾಗೆ ಪ್ರತಿ ವಾಕ್ಯಕ್ಕೂ ಒಂದು ಚುಕ್ಕೆ ಇಲ್ಲ. ಪದಗಳ ನಡುವೆ ಜಾಗವೂ ಸಾಮಾನ್ಯವಾಗಿ ಇರುವುದಿಲ್ಲ. ಚುಕ್ಕೆ ಇಡುವ ಪದ್ಧತಿ ಕನ್ನಡಕ್ಕೆ ಬಂದದ್ದು ಅಚ್ಚಿನ ಪುಸ್ತಕಗಳ ಕಾಲದಲ್ಲಿ. ಹಾಗಾದರೆ ಅಂದಿನವರು ಒಂದು ಮಾತು ಎಲ್ಲಿ ಮುಗಿಯಿತು ಅಂತ ಹೇಗೆ ತಿಳಿಯುತ್ತಿದ್ದರು? ಕೊಟ್ಟನು, ಮಾಡಿದರು ಅನ್ನುವಂಥ ಮುಗಿಸುವ ಪದ ಬಂದಾಗ ಮಾತು ಮುಗಿಯಿತು ಅಂತ ತಿಳಿಯುತ್ತಿದ್ದರು. ಚುಕ್ಕೆಯನ್ನು ನಂಬದೆ ಕೊನೆಯ ಪದವನ್ನು ನಂಬುವುದು ಹಳೆಯ ರೂಢಿಯೇ.

ಬಾಯಿ ಮಾತಿನ ಲೆಕ್ಕ ಬೇರೆ

ಇಷ್ಟೆಲ್ಲ ಓದಿ ಮನೆಯವರ ಮಾತನ್ನು ತಿದ್ದಲು ಹೋಗಬೇಡಿ. "ಯಾವಾಗ ಬರ್ತೀಯಪ್ಪ?" ಅಂತ ಅಮ್ಮ ಕೇಳಿದರೆ, ಮಗ "ಕಡ್ಲೆಕಾಯಿ ಕಿತ್ತ ಮೇಲೆ" ಅಂತಾನೆ. ಅದು ಜೋತು ಮಾತೇ. ಆದರೆ ಅಮ್ಮನ ಪ್ರಶ್ನೆಯಲ್ಲಿ ಅದರ ಇನ್ನೊಂದು ತುದಿ ಇದೆ. ಇಬ್ಬರೂ ಸೇರಿ ಮಾತು ಮುಗಿಸಿದರು. ಅದೇ ಮಗ ಬೆಂಗಳೂರಿನಿಂದ ಕಾಗದ ಬರೆದು, ಅದರಲ್ಲಿ "ಕಡ್ಲೆಕಾಯಿ ಕಿತ್ತ ಮೇಲೆ" ಅಂತ ಮಾತ್ರ ಬರೆದರೆ, ಅವನು ಆಗ ಬರುತ್ತಾನೋ, ದುಡ್ಡು ಕಳಿಸುತ್ತಾನೋ, ಅಮ್ಮ ದುಡ್ಡು ಕಳಿಸಬೇಕೋ ಗೊತ್ತಾಗುವುದಿಲ್ಲ.

ಇನ್ನೊಂದು ರೂಢಿಯೂ ಇದೆ. "ನಾನು ಬರ್ತೀನಿ, ಮಳೆ ಬರದಿದ್ದರೆ." ಇಲ್ಲಿ ಕೊನೆಯಲ್ಲಿ "ರೆ" ಇದೆ. ಆದರೂ ಮಾತು ಮುಗಿದಿದೆ. ಮುಗಿಸುವ "ಬರ್ತೀನಿ" ಮೊದಲೇ ಬಂದುಬಿಟ್ಟಿದೆ, ಅದೇ ಸಾಲಿನಲ್ಲಿ, ಅದೇ ಚುಕ್ಕೆಯ ಒಳಗೆ. ಆದ್ದರಿಂದ ಕೊನೆಯಲ್ಲಿ ಜೋತು ಪದ ಕಂಡರೆ, ಅದೇ ಸಾಲಿನಲ್ಲಿ ಹಿಂದಕ್ಕೆ ಒಮ್ಮೆ ಕಣ್ಣಾಡಿಸಿ. ಮುಗಿಸುವ ಪದ ಸಿಕ್ಕರೆ ಸರಿ. ಅರ್ಜಿ, ಪತ್ರ ಬರೆಯುವಾಗ ಮಾತ್ರ ಹೀಗೆ ತಿರುಗಿಸಿ ಬರೆಯದೆ "ಮಳೆ ಬರದಿದ್ದರೆ ನಾನು ಬರುತ್ತೇನೆ" ಅಂತ ನೇರವಾಗಿ ಬರೆಯುವುದು ಒಳ್ಳೆಯದು.

ಈಗ ನೀವೇ ನೋಡಿ

ಕೆಳಗಿನ ಐದರಲ್ಲಿ ಯಾವುದು ವಾಕ್ಯ, ಯಾವುದು ಜೋತು ಮಾತು? ಉತ್ತರ ಓದುವ ಮುಂಚೆ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ.

1. ಕೂಲಿ ಹಣ ಬ್ಯಾಂಕಿಗೆ ಬಂದ ಮೇಲೆ.

2. ಯಾಕೆಂದರೆ ನಮ್ಮ ಊರಿಗೆ ಬಸ್ಸು ಇಲ್ಲ.

3. ಡಾಕ್ಟರು ಬಂದರೂ.

4. ಎಲ್ಲಿ ನೀರಿನ ಟ್ಯಾಂಕು ಇದೆಯೋ ಅಲ್ಲಿ.

5. ಇದು ನಮ್ಮ ಪಾಸ್ ಪುಸ್ತಕ.

ಮೊದಲನೆಯದು ಜೋತು ಮಾತು. ಹಣ ಬಂದ ಮೇಲೆ ಏನು ಅಂತ ಹೇಳಿಲ್ಲ.

ಎರಡನೆಯದು ವಾಕ್ಯ. "ಇಲ್ಲ" ಅದನ್ನು ಮುಗಿಸಿದೆ. ಆದರೆ ಅರ್ಜಿಯ ಮೊದಲ ಸಾಲಾಗಿ ಇದನ್ನು ಬರೆಯಬೇಡಿ. ಯಾಕೆ ಅಂತ ಯಾರೂ ಕೇಳುವ ಮುಂಚೆಯೇ "ಯಾಕೆಂದರೆ" ಅಂದ ಹಾಗಾಗುತ್ತದೆ. "ಮಕ್ಕಳು ಶಾಲೆಗೆ ನಡೆದು ಹೋಗುತ್ತಾರೆ" ಅಂತ ಒಂದು ವಾಕ್ಯ ಮುಂದೆ ಇದ್ದರೆ ಅದರ ಬೆನ್ನಿಗೆ ಇದು ಚೆನ್ನಾಗಿ ನಿಲ್ಲುತ್ತದೆ.

ಮೂರನೆಯದರಲ್ಲಿ ಇಳಿ ಇದೆ, ನೋಡಿದಿರಾ? ಜೋತು ಮಾತು. ಇಳಿ ತೆಗೆದರೆ "ಡಾಕ್ಟರು ಬಂದರು", ಪೂರ್ತಿ ವಾಕ್ಯ.

ನಾಲ್ಕನೆಯದರಲ್ಲಿ "ಎಲ್ಲಿ"ಗೆ ಜೋಡಿಯಾಗಿ "ಅಲ್ಲಿ" ಬಂದಿದೆ. ಆದರೂ ಮುಗಿದಿಲ್ಲ. ಎರಡು ಎತ್ತೂ ನೊಗಕ್ಕೆ ಬಂದಿವೆ, ಗಾಡಿ ಇನ್ನೂ ಹೊರಟಿಲ್ಲ. "ಅಲ್ಲಿ ಕೊಳಾಯಿ ಹಾಕಿಸಬೇಕು" ಅಂತ ಇದ್ದರೆ ಮುಗಿಯುತ್ತಿತ್ತು.

ಐದನೆಯದರಲ್ಲಿ ಬಂತು, ಹೋಯಿತು, ಇದೆ, ಇಲ್ಲ ಅನ್ನುವಂಥ ಪದ ಒಂದೂ ಇಲ್ಲ. ಅದಕ್ಕೆ ಕೆಲವರು ಇದನ್ನು ಜೋತು ಮಾತು ಅಂತ ಗುರುತು ಹಾಕಿರಬಹುದು. ಗಟ್ಟಿಯಾಗಿ ಓದಿ ನೋಡಿ. "ಇದು ನಮ್ಮ ಪಾಸ್ ಪುಸ್ತಕ." ಕೇಳಿದವರು ಮುಂದೇನು ಅಂತ ಕಾಯುವುದಿಲ್ಲ. ಒಂದು ವಸ್ತುವನ್ನು ತೋರಿಸಿ ಇದು ಇಂಥದ್ದು ಅಂತ ಹೇಳುವಾಗ ಕನ್ನಡಕ್ಕೆ ಬೇರೆ ಮುಗಿಸುವ ಪದ ಬೇಕಾಗುವುದಿಲ್ಲ. ಇದು ಪೂರ್ತಿ ವಾಕ್ಯ.